ತಮ್ಮನ ಕೂಲಿಂಗ್ ಗ್ಲಾಸ್ ಮತ್ತು ನನ್ನ ಸ್ಕೇಲು

ತಮ್ಮ ನಿನ್ನೆ ಹೊಸ ರೇಬಾನ್ ವೇಫೇರರ್ ಹಾಕ್ಕೊಂಡು ಬಂದ. 'ಒರಿಜಿನಲ್ ಕಣಕ್ಕಾ, ಗಾಜಿನ ಮೇಲೆ ಆರ್‌ಬಿ ಕೆತ್ತಿದೆ ನೋಡು' ಅಂದ. ನೋಡಿದೆ. ಗಾಜಿನ ಅಂಚಿನಲ್ಲಿ, ಹಿಂಜ್ ಪಕ್ಕದಲ್ಲಿ ಪುಟ್ಟ ಅಕ್ಷರ ಇದೆ. ಆದರೆ ಉಗುರು ಆಡಿಸಿದರೆ ತಡೆಯೇ ಇಲ್ಲ. ನಿಜವಾಗಿ ಕೊರೆದಿದ್ದರೆ ಉಗುರಿಗೆ ಸಣ್ಣಗೆ ಸಿಗುತ್ತದೆ. ಇದು ಬರೀ ಬಣ್ಣ.

ಅದೊಂದೇ ಸಾಲದು, ಒಳ್ಳೆಯ ನಕಲಿಯವರೂ ಈಗ ಕೊರೆಯುತ್ತಾರೆ. ಹಾಗಾಗಿ ಕಡ್ಡಿಯ ಒಳಗಿನ ಸಾಲು ಓದಿದೆ: ಆರ್‌ಬಿ 2140, 901, 54, 18. 2140 ಅಂದರೆ ಹಳೆಯ ಮಾದರಿಯ ವೇಫೇರರ್. 901 ಕಪ್ಪು ಬಣ್ಣ. 54 ಒಂದು ಗಾಜಿನ ಅಗಲ, 18 ಮೂಗಿನ ಮೇಲೆ ಎರಡು ಗಾಜುಗಳ ನಡುವಿನ ಅಂತರ, ಎರಡೂ ಮಿಲಿಮೀಟರಿನಲ್ಲಿ. ಮಗಳ ಕಂಪಾಸ್ ಬಾಕ್ಸಿನಿಂದ ಸ್ಕೇಲು ತಂದು ಇಟ್ಟೆ. ಗಾಜು 50, ಅಂತರ 22! ಆ ಅಳತೆಯ 2140 ಕೂಡ ಇದೆ, ಆದರೆ ಅದರ ಮೇಲೆ 50, 22 ಅಂತಲೇ ಇರಬೇಕಲ್ವಾ? ಒಂದು ಮಿಲಿಮೀಟರ್ ತಪ್ಪಿದ್ದರೆ ನನ್ನ ಕಣ್ಣು ಅನ್ನಬಹುದಿತ್ತು. ನಾಲ್ಕು ಜಾಸ್ತಿಯಾಯ್ತು.

ಕೊನೆಗೆ ಹಿಂಜ್. ಈ ಮಾದರಿಯಲ್ಲಿ ಒಂದರೊಳಗೊಂದು ಕೂರುವ ಏಳು ಲೋಹದ ಹಲ್ಲುಗಳಿರುತ್ತವೆ. ಇದರಲ್ಲಿ ಮೂರೇ, ಅದೂ ಅಂಟಿನಲ್ಲಿ ಕೂರಿಸಿದ್ದು.

ಹತ್ತು ವರ್ಷ ಪಕ್ಕದಲ್ಲೇ ಮಲಗಿದ ತಮ್ಮನನ್ನೂ ಇಷ್ಟು ಹತ್ತಿರದಿಂದ ನೋಡಿರಲಿಲ್ಲ ಅನ್ನಿಸಿತು. ಅವನು ಮಾತ್ರ 'ಬಿಸಿಲಿಗೆ ಆಗುತ್ತೆ ಬಿಡಕ್ಕಾ' ಅಂತ ಹಾಕ್ಕೊಂಡು ಹೊರಟ.