ಐವತ್ತು ದಾಟಿದವರ ಮೊದಲ ಮೆಸೇಜು

"ಸಾರ್, ನನಗೆ ಐವತ್ಮೂರು. ರಿಕ್ರೂಟರ್‌ಗಳಿಗೆ ಮೆಸೇಜ್ ಹಾಕಿದರೆ ಉತ್ತರವೇ ಬರಲ್ಲ. ಹೊಸ ಕೆಲಸವೂ ಗೊತ್ತು, ಹೊಂದಿಕೊಂಡೂ ಹೋಗ್ತೀನಿ ಅಂತ ಮೊದಲ ಮೆಸೇಜಲ್ಲೇ ಹೇಗೆ ಹೇಳೋದು?"

ಹಾಗಂತ ಹೇಳಲೇಬೇಡಿ. "ನಾನು ಅಪ್‌ಡೇಟ್ ಆಗಿದ್ದೀನಿ" ಅಂತ ಬರೆದವರ ಮೇಲೆಯೇ ನಮಗೆ ಮೊದಲು ಅನುಮಾನ ಬರುವುದು. ಬೆಂಗಳೂರಿನಲ್ಲಿ ಅಕೌಂಟ್ಸ್ ಹುದ್ದೆಗಳಿಗೆ ಜನ ಹುಡುಕಿಕೊಡುವುದು ನನ್ನ ಹೊಟ್ಟೆಪಾಡು. ಇಂಥ ಮೆಸೇಜುಗಳನ್ನು ದಿನವೂ ಓದುತ್ತೇನೆ. ಓದುತ್ತೇನೆ ಅನ್ನುವುದಕ್ಕಿಂತ ಫೋನಿನ ಪರದೆ ಮೇಲೆ ಇಣುಕುವ ಒಂದೂವರೆ ಸಾಲು ನೋಡಿ ಮುಂದೆ ಹೋಗುತ್ತೇನೆ ಅನ್ನಬೇಕು.

ಪೀಣ್ಯದ ಒಂದು ಕಾರ್ಖಾನೆಯ ಅಕೌಂಟ್ಸ್ ಮ್ಯಾನೇಜರ್ ಒಬ್ಬರು ತಮ್ಮ ಮೆಸೇಜು ತೋರಿಸಿದರು. ಇಂಗ್ಲಿಷಿನಲ್ಲಿತ್ತು, ಸಾರ ಇಷ್ಟು: "ಮಾನ್ಯರೇ, 28 ವರ್ಷಗಳ ಅಪಾರ ಅನುಭವವಿದೆ. ಪ್ರಾಮಾಣಿಕ, ಶ್ರಮಜೀವಿ. ಯಾವ ಕೆಲಸವಾದರೂ, ಎಷ್ಟು ಸಂಬಳವಾದರೂ, ಎಲ್ಲಿಯಾದರೂ ಸರಿ." ಪರದೆಯ ಒಂದೂವರೆ ಸಾಲು ಈ 28 ವರ್ಷಕ್ಕೇ ಮುಗಿಯಿತು. ಉಳಿದದ್ದು ಅವರ ಕಷ್ಟ ಹೇಳಿತೇ ಹೊರತು ಕೆಲಸ ಹೇಳಲಿಲ್ಲ.

ಕಾಫಿ ಕುಡಿಯುತ್ತಾ ಕೇಳಿದೆ, "ಹೋದ ತಿಂಗಳು ನೀವೇ ಕೂತು ಮಾಡಿದ ಕೆಲಸ ಯಾವುದು?" ಹುಡುಗರ ಕೈಯಲ್ಲಿ ಮಾಡಿಸಿದ್ದಲ್ಲ, ನೀವೇ ಮಾಡಿದ್ದು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅದೇ, ಐಎಂಎಸ್ ಗಲಾಟೆ" ಅಂದರು. ಅಲ್ಲೇ ಸಿಕ್ಕಿತು.

ಐಎಂಎಸ್ ಅಂದರೆ ಜಿಎಸ್‌ಟಿ ಪೋರ್ಟಲ್‌ನಲ್ಲಿ 2024ರ ಅಕ್ಟೋಬರ್‌ನಲ್ಲಿ ಬಂದ ವ್ಯವಸ್ಥೆ. ಮಾರಿದವರು ಹಾಕಿದ ಬಿಲ್ಲನ್ನು ಕೊಂಡವರು ಅಲ್ಲಿ ಒಪ್ಪಬಹುದು, ತಿರಸ್ಕರಿಸಬಹುದು, ಇಲ್ಲವೇ ಬಾಕಿ ಇಡಬಹುದು. ಏನೂ ಮಾಡದೆ ಬಿಟ್ಟರೆ ಒಪ್ಪಿದಂತೆಯೇ ಲೆಕ್ಕ. ಇವರು ತಿಂಗಳಿಗೆ ಸುಮಾರು 600 ಖರೀದಿ ಬಿಲ್ಲುಗಳನ್ನು ಟ್ಯಾಲಿಯ ಜೊತೆ ತಾಳೆ ನೋಡಲು ಎಕ್ಸೆಲ್‌ನ ಪವರ್ ಕ್ವೆರಿ ಕಲಿತು ಒಂದು ಶೀಟ್ ಕಟ್ಟಿದ್ದರು. ಮೂರು ದಿನ ಹಿಡಿಯುತ್ತಿದ್ದ ಕೆಲಸ ಅರ್ಧ ದಿನಕ್ಕೆ ಇಳಿದಿತ್ತು. ಅದನ್ನು ರೆಸ್ಯೂಮೆಯಲ್ಲೂ ಬರೆದಿರಲಿಲ್ಲ! 2024ಕ್ಕೆ ಮುಂಚೆ ಯಾರ ರೆಸ್ಯೂಮೆಯಲ್ಲೂ ಇರಲು ಸಾಧ್ಯವಿಲ್ಲದ ಮಾತು ಅದು. ಇಂಥದ್ದೊಂದು ಮೊದಲ ಸಾಲಿನಲ್ಲಿದ್ದರೆ ನೀವು ಈಗಲೂ ಕೈಯಾರೆ ಕೆಲಸ ಮಾಡುತ್ತಿದ್ದೀರಿ ಅನ್ನುವುದು ತಾನಾಗಿ ಗೊತ್ತಾಗುತ್ತದೆ.

ಇನ್ನು ಹೊಂದಾಣಿಕೆ. "ಏನಾದರೂ ಸರಿ" ಅಂದರೆ ನಮ್ಮ ಕಿವಿಗೆ ಅದು "ಬೇರೆ ಸಿಕ್ಕಿದ ದಿನ ಬಿಡ್ತೀನಿ" ಅಂತ ಕೇಳಿಸುತ್ತದೆ. ಯಾವ ವಿಷಯದಲ್ಲಿ, ಎಷ್ಟು ಬಗ್ಗುತ್ತೀರಿ ಅಂತ ಅಳತೆ ಕೊಡಿ. ಇವರು ಕೇಳಲು ಹೊರಟಿದ್ದ ಹುದ್ದೆ ಇದ್ದದ್ದು ನೆಲಮಂಗಲದಲ್ಲಿ, ವಾರಕ್ಕೆ ಆರು ದಿನ, ವರ್ಷಕ್ಕೆ 12ರಿಂದ 14 ಲಕ್ಷ ಅಂತ ಜಾಹೀರಾತಿನಲ್ಲೇ ಇತ್ತು. ಇವರ ಸಂಬಳ ಆಗ 16. ಸಾಮಾನ್ಯವಾಗಿ ಮೊದಲ ಮೆಸೇಜಿನಲ್ಲಿ ಸಂಬಳದ ಮಾತು ಬೇಡ ಅನ್ನುತ್ತೇನೆ. ಆದರೆ ಐವತ್ತು ದಾಟಿದವರು ದುಬಾರಿ ಅಂತ ನಾವು ಕೇಳದೆಯೇ ತೀರ್ಮಾನಿಸಿಬಿಡುತ್ತೇವೆ, ತಪ್ಪು ನಮ್ಮದೇ. ಹಾಗಾಗಿ ಜಾಹೀರಾತಿನಲ್ಲಿ ಅಂಕಿ ಇದ್ದರೆ ಅದು ಒಪ್ಪಿಗೆ ಅಂತ ಬರೆಯಿರಿ. ಇಲ್ಲದಿದ್ದರೆ ಸುಮ್ಮನಿರಿ.

ಕೊನೆಗೆ ಹೋದದ್ದು ಇದು:

"ನೆಲಮಂಗಲದ ಅಕೌಂಟ್ಸ್ ಮ್ಯಾನೇಜರ್ ಹುದ್ದೆಯ ಬಗ್ಗೆ. ತಿಂಗಳಿಗೆ 600 ಖರೀದಿ ಬಿಲ್‌ಗಳ ಐಎಂಎಸ್ ಕೆಲಸ ಈಗ ನಾನೇ ನೋಡುತ್ತೇನೆ. ಪವರ್ ಕ್ವೆರಿಯಲ್ಲಿ ಶೀಟ್ ಮಾಡಿ ಮೂರು ದಿನದ ತಾಳೆ ಅರ್ಧ ದಿನಕ್ಕೆ ತಂದಿದ್ದೇನೆ. ಟ್ಯಾಲಿ ದಿನವೂ ಬಳಸುತ್ತೇನೆ, ಎಸ್‌ಎಪಿ ಬಳಸಿಲ್ಲ. ಆರು ದಿನದ ವಾರ, ನೀವು ಹಾಕಿರುವ ಸಂಬಳ ಎರಡೂ ಒಪ್ಪಿಗೆ. ನೋಟಿಸ್ 30 ದಿನ. ಇವತ್ತು ಸಂಜೆ 6ರ ಮೇಲೆ ಹತ್ತು ನಿಮಿಷ ಮಾತಾಡಬಹುದೇ?"

ಎಸ್‌ಎಪಿ ಬಳಸಿಲ್ಲ ಅನ್ನುವುದನ್ನು ತೆಗೆಯಲು ಅವರಿಗೆ ಬಹಳ ಆಸೆಯಿತ್ತು, ನಾನು ಬಿಡಲಿಲ್ಲ. ಅದು ಫೋನಿನಲ್ಲಿ ಎರಡನೇ ಪ್ರಶ್ನೆಗೇ ಬಯಲಾಗುವ ವಿಷಯ. 28 ವರ್ಷ ರೆಸ್ಯೂಮೆಯಲ್ಲಿ ಹಾಗೇ ಇತ್ತು. ವಯಸ್ಸು ಮುಚ್ಚಿಡುವ ಪ್ರಯತ್ನ ಬೇಡ, ಡಿಗ್ರಿ ಮುಗಿಸಿದ ವರ್ಷ ಕೇಳಿದರೆ ಮುಗಿಯಿತು.

ಮಾರನೇ ದಿನ ಫೋನ್ ಬಂತು. ಅತ್ತಲಿನ ಹುಡುಗಿ ಮೊದಲು ಕೇಳಿದ್ದು, "ಸರಕು ಇನ್ನೂ ಗೇಟಿಗೆ ಬಂದಿಲ್ಲ, ಬಿಲ್ ಪೋರ್ಟಲ್‌ನಲ್ಲಿ ಕಾಣ್ತಿದೆ. ಏನ್ಮಾಡ್ತೀರಿ ಸಾರ್?" "ಬಾಕಿ ಇಡ್ತೀನಿ ಕಣಮ್ಮಾ, ಸುಮ್ಮನೆ ಬಿಟ್ಟರೆ ಒಪ್ಪಿದ ಹಾಗಾಗುತ್ತೆ" ಅಂದರಂತೆ.

ಆ ಕೆಲಸ ಅವರಿಗೆ ಸಿಗಲಿಲ್ಲ. ಎಸ್‌ಎಪಿ ಗೊತ್ತಿದ್ದವರೊಬ್ಬರನ್ನು ತೆಗೆದುಕೊಂಡರು, ಮೆಸೇಜು ಎಷ್ಟು ಚೆನ್ನಾಗಿದ್ದರೂ ಅದನ್ನು ತಪ್ಪಿಸಲಾಗುತ್ತಿರಲಿಲ್ಲ. ಎರಡು ತಿಂಗಳಾದ ಮೇಲೆ ಅದೇ ಹುಡುಗಿ ಮತ್ತೆ ಫೋನ್ ಮಾಡಿದಳು: ದೊಡ್ಡಬಳ್ಳಾಪುರದಲ್ಲಿ ಟ್ಯಾಲಿ ಇರುವ ಕಂಪನಿ, ಒಂದು ವರ್ಷದ ಕಾಂಟ್ರಾಕ್ಟ್. ಈಗ ಅಲ್ಲಿದ್ದಾರೆ.