ನೆತ್ತಿಯಲ್ಲಿ ಕಡಿದುಹೋದ ನೀರು

ಭಾನುವಾರ, 14 ಏಪ್ರಿಲ್ 2024

ಪಂಪಿಲ್ಲದೆ ಬರೀ ಪೈಪಿನಿಂದ ನೀರನ್ನು ದಂಡೆ ದಾಟಿಸಿ ಕೆಳಗಿಳಿಸುವ ಸೈಫನ್, ಇವತ್ತು ಬೆಳಿಗ್ಗೆ ಚೆನ್ನಾಗಿ ಓಡುತ್ತಿದ್ದದ್ದು, ಒಂದು ಗಂಟೆಯೊಳಗೆ ಕಡಿದುಹೋಯಿತು. ಕಾರಣ ಹುಡುಕುತ್ತಾ ಅರ್ಧ ದಿನ ಕಳೆಯಿತು. ಸಿಕ್ಕ ಉತ್ತರ ಮನಸ್ಸಿಗೆ ಎಷ್ಟು ಹಿಡಿಸಿತೆಂದರೆ, ಮಲಗುವ ಮುಂಚೆ ಬರೆದಿಟ್ಟುಬಿಡೋಣ ಅನ್ನಿಸಿತು.

ಕೆಲಸ ಇಷ್ಟೇ. ಇಳಿಜಾರಿನ ಮೇಲೊಂದು ಆಳದ ಹೊಂಡ. ಅದರ ನೀರನ್ನು ದಂಡೆ ದಾಟಿಸಿ ಕೆಳಗೆ ಬಿಡಬೇಕು. ಅಲ್ಲಿ ಕರೆಂಟ್ ಇಲ್ಲ. ಒಳಗಿನ ಅಳತೆ 50 ಮಿಲಿಮೀಟರ್ ಇರುವ ಪಿವಿಸಿ ಪೈಪು, ಒಟ್ಟು 40 ಮೀಟರ್. ನೀರಿನ ಮಟ್ಟದಿಂದ ಪೈಪಿನ ನೆತ್ತಿ, ಅಂದರೆ ದಂಡೆಯ ಮೇಲೆ ಬಾಗುವ ಜಾಗ, 6 ಮೀಟರ್ ಮೇಲಿತ್ತು. ಪೈಪಿನ ಬಾಯಿ ನೀರಿನ ಮಟ್ಟಕ್ಕಿಂತ 4 ಮೀಟರ್ ಕೆಳಗಿತ್ತು. ನೀರೊಳಗಿನ ತುದಿಗೆ, ನೀರು ಹಿಂದಕ್ಕೆ ಜಾರದಂತೆ ತಡೆಯುವ ಫುಟ್ ವಾಲ್ವ್, ಹೊರಗಿನ ತುದಿಗೆ ಗೇಟ್ ವಾಲ್ವ್. ನೆತ್ತಿಯಲ್ಲಿ ಟೀ ಅನ್ನುವ ಮೂರು ಬಾಯಿಯ ಜೋಡಣೆ, ಅದರ ಮೇಲಿನ ಬಾಯಿಗೆ ಮುಚ್ಚಳ. ಗೇಟ್ ವಾಲ್ವ್ ಮುಚ್ಚಿ, ಟೀ ಮೂಲಕ ಪೈಪಿನ ಎರಡೂ ಕಾಲುಗಳಿಗೆ, ಅಂದರೆ ಹೊಂಡದಿಂದ ನೆತ್ತಿಗೆ ಏರುವ ಮೇಲಿನ ಕಾಲಿಗೂ ನೆತ್ತಿಯಿಂದ ಬಾಯಿಗೆ ಇಳಿಯುವ ಕೆಳಗಿನ ಕಾಲಿಗೂ, ಭರ್ತಿ ನೀರು ತುಂಬಿಸಿದೆವು. ಮುಚ್ಚಳ ಬಿಗಿ ಮಾಡಿ ವಾಲ್ವ್ ತೆರೆದ ಕೂಡಲೇ ಓಡಿತು. ನೆತ್ತಿಯ ಪಕ್ಕದಲ್ಲಿ ಒಂದು ಗೇಣು ಉದ್ದದ ಪಾರದರ್ಶಕ ಪೈಪಿನ ತುಂಡು ಸೇರಿಸಿದ್ದೆ. ಅದೇ ಇವತ್ತು ಎಲ್ಲವನ್ನೂ ತೋರಿಸಿಕೊಟ್ಟಿತು.

20 ಲೀಟರ್ ಬಕೆಟ್ ಹಿಡಿದು ನೋಡಿದೆ. ಐದು ಸೆಕೆಂಡಿಗೆ ಸ್ವಲ್ಪ ಮೇಲಾಯಿತು ತುಂಬಲು. ಸೆಕೆಂಡಿಗೆ ಸುಮಾರು 4 ಲೀಟರ್.

ಶಾಲೆಯಲ್ಲಿ ಕಲಿತ ಲೆಕ್ಕ ಇಷ್ಟು ಹೇಳುವುದಿಲ್ಲ, ಜಾಸ್ತಿ ಹೇಳುತ್ತದೆ. ನೀರಿನ ಮಟ್ಟಕ್ಕೂ ಹೊರಬಾಯಿಗೂ ಇರುವ ಇಳಿತ H ಆದರೆ, ವೇಗ v = √(2gH). g ಅಂದರೆ ಭೂಮಿಯ ಸೆಳೆತ, H ಅಂದರೆ 4 ಮೀಟರ್. ವೇಗ ಸೆಕೆಂಡಿಗೆ 8.9 ಮೀಟರ್ ಬರುತ್ತದೆ, ಹರಿವು 17 ಲೀಟರ್. ಪೈಪಿನೊಳಗೆ ಉಜ್ಜಾಟವೇ ಇಲ್ಲ ಅಂದುಕೊಂಡರೆ ಮಾತ್ರ ಇದು ಸರಿ. ನಿಜವಾದ ಪೈಪಿನಲ್ಲಿ ಹೀಗೆ ಬರೆಯಬೇಕು:

v = √(2gH / (1 + K + fL/D))

f ಅಂದರೆ ಪೈಪಿನ ಉಜ್ಜಾಟದ ಅಂಕಿ, ನನ್ನ ಪೈಪಿಗೆ ಸುಮಾರು 0.02 ಹಿಡಿದೆ. ಉದ್ದ L 40 ಮೀಟರ್, ಒಳಗಿನ ಅಳತೆ D 0.05 ಮೀಟರ್. ಹಾಗಾಗಿ fL/D ಅಂದರೆ 16. ಫುಟ್ ವಾಲ್ವ್‌ಗೆ 2, ಎರಡು ಬಾಗುಗಳಿಗೆ ಅರ್ಧರ್ಧ, ಸೇರಿ ಅವುಗಳ ತಡೆ K ಮೂರು. ಒಟ್ಟು 20. ವೇಗ ಸೆಕೆಂಡಿಗೆ 2 ಮೀಟರ್‌ಗೆ ಇಳಿಯಿತು, ಹರಿವು 3.9 ಲೀಟರ್. ಬಕೆಟ್ ಹೇಳಿದ್ದೂ ಅದನ್ನೇ.

ಈ ಸೂತ್ರದಲ್ಲಿ ನೆತ್ತಿಯ ಎತ್ತರ ಎಲ್ಲೂ ಇಲ್ಲ, ಗಮನಿಸಿ. ದಂಡೆ ಎತ್ತರವಾದರೆ ಪೈಪು ಉದ್ದವಾಗುತ್ತದೆ, ಉಜ್ಜಾಟ ಹೆಚ್ಚುತ್ತದೆ, ಅಷ್ಟೇ. ಹರಿವನ್ನು ನಿರ್ಧರಿಸುವುದು ಇಳಿತ. ಹಾಗಾದರೆ ನೆತ್ತಿ ಎಷ್ಟು ಎತ್ತರ ಬೇಕಾದರೂ ಇರಬಹುದಾ? ಇಲ್ಲ. ಅದೇ ಇವತ್ತಿನ ಕಥೆ.

ಬಕೆಟ್ ಲೆಕ್ಕ ನೋಡಿದ ತಮ್ಮ ಕೇಳಿದ, “ಅಣ್ಣಾ, ಬಾಯಿಯನ್ನ ಇನ್ನೂ ಕೆಳಗೆ ಒಯ್ದರೆ ಇನ್ನೂ ಜೋರಾಗಿ ಬರುತ್ತಲ್ವಾ?” ಕೇಳಿದ್ದು ಸರಿಯಾಗಿಯೇ ಇತ್ತು. ಇನ್ನು 10 ಮೀಟರ್ ಪೈಪು ಉಳಿದಿತ್ತು. ಅದನ್ನು ಜೋಡಿಸಿ ಇಳಿಜಾರಿನಲ್ಲಿ ಬಿಟ್ಟರೆ ಬಾಯಿ ಮತ್ತೆ 6 ಮೀಟರ್ ಕೆಳಗೆ ಹೋಗುತ್ತದೆ. ಇಳಿತ 4 ಇದ್ದದ್ದು 10 ಆಗುತ್ತದೆ. ಜೋಡಿಸಿದೆವು. ನೀರು ಭೋರೆಂದು ಬಂತು. ಇಬ್ಬರಿಗೂ ಖುಷಿ.

ಐದು ನಿಮಿಷ ಆಗಿರಬಹುದು. ನೆತ್ತಿಯ ಹತ್ತಿರ ಪೈಪಿನೊಳಗೆ ಮರಳು ಉರುಳಿದ ಹಾಗೆ ಚರಚರ ಸದ್ದು. ಪಾರದರ್ಶಕ ತುಂಡಿನ ಹತ್ತಿರ ಮುಖ ಇಟ್ಟು ನೋಡಿದೆ. ಬೆಳಿಗ್ಗೆ ಅಲ್ಲಿ ನೀರು ಗಾಜಿನ ಹಾಗೆ ತಿಳಿಯಾಗಿತ್ತು. ಈಗ ಸಾಸಿವೆಗಿಂತ ಸಣ್ಣ ಗುಳ್ಳೆಗಳು ಸಾಲುಸಾಲಾಗಿ ಹುಟ್ಟುತ್ತಿದ್ದವು. ಬಾಗು ದಾಟಿದ ಮೇಲೆ ಅವು ಕೂಡಿಕೊಂಡು ಪೈಪಿನ ಮೇಲ್ಭಾಗದಲ್ಲಿ ಬೆಳ್ಳಿಯಂಥ ಪಟ್ಟಿಯಾಗಿ ನಿಂತವು. ಪಟ್ಟಿ ದಪ್ಪವಾಗುತ್ತಾ ಹೋಯಿತು. ಕೆಳಗೆ ಬಾಯಿ ಉಗುಳತೊಡಗಿತು, ಒಂದು ಸಲ ನೀರು, ಒಂದು ಸಲ ಗಾಳಿ. ಆಮೇಲೆ ನೆತ್ತಿಯಲ್ಲಿ ನೀರು ಎರಡು ತುಂಡಾಗಿ, ಕೆಳಗಿನ ಕಾಲು ಪೂರ್ತಿ ಬರಿದಾಯಿತು. ಫುಟ್ ವಾಲ್ವ್ ಇದ್ದದ್ದರಿಂದ ಮೇಲಿನ ಕಾಲಿನ ನೀರು ಮಾತ್ರ ಹಾಗೇ ನಿಂತಿತ್ತು.

ಕೀಲು ಸಡಿಲವಾಗಿ ಗಾಳಿ ನುಗ್ಗಿತೇನೋ ಎಂದು ಮೊದಲು ಎಲ್ಲ ಜೋಡಣೆಗೂ ಸೋಪಿನ ನೊರೆ ಸವರಿದೆ. ನೆತ್ತಿಯಲ್ಲಿ ಒತ್ತಡ ಹೊರಗಿನದಕ್ಕಿಂತ ಕಡಿಮೆ. ಹಾಗಾಗಿ ಹರಿವು ಇರುವಾಗ ಸೋರಿಕೆ ಇದ್ದರೆ ನೊರೆಯನ್ನು ಒಳಗೆ ಹೀರಿಕೊಳ್ಳುತ್ತದೆ. ಕೆಳಗಿನ ಕಾಲು ಮತ್ತೆ ತುಂಬಿಸಿ ಓಡಿಸಿ ನೋಡಿದೆ. ಎಲ್ಲೂ ಹೀರಲಿಲ್ಲ. ಆದರೂ ಮತ್ತೆ ಅದೇ ಚರಚರ, ಅದೇ ಗುಳ್ಳೆ. ಕೀಲಿನಲ್ಲಿ ತಪ್ಪಿಲ್ಲ. ಆಗ ಕಾಗದ ಪೆನ್ನು ತೆಗೆದೆ.

ಒತ್ತಡವನ್ನು ನೀರಿನ ಎತ್ತರದಲ್ಲಿ ಅಳೆದರೆ ಲೆಕ್ಕ ಸುಲಭ. ಸಮುದ್ರಮಟ್ಟದಲ್ಲಿ ಹೊರಗಿನ ಗಾಳಿಯ ಒತ್ತಡ 10.33 ಮೀಟರ್ ನೀರಿಗೆ ಸಮ. ಇದನ್ನು ಕೈಯಲ್ಲಿರುವ ದುಡ್ಡು ಅಂದುಕೊಳ್ಳಿ. ನೀರು ನೆತ್ತಿ ತಲುಪುವಷ್ಟರಲ್ಲಿ ಮೂರು ಕಡೆ ಖರ್ಚಾಗುತ್ತದೆ. ಎತ್ತರಕ್ಕೆ 6 ಮೀಟರ್. ವೇಗಕ್ಕೆ ಸ್ವಲ್ಪ, ಅಂದರೆ v²/2g. ನೆತ್ತಿಯವರೆಗಿನ ಉಜ್ಜಾಟಕ್ಕೆ ಇನ್ನಷ್ಟು. ನನ್ನ ಪೈಪಿನಲ್ಲಿ ನೆತ್ತಿಯವರೆಗೆ 15 ಮೀಟರ್ ಉದ್ದ. ಅದರ ಉಜ್ಜಾಟ, ಫುಟ್ ವಾಲ್ವ್, ಒಂದು ಬಾಗು, ಜೊತೆಗೆ ವೇಗದ ಪಾಲು, ಎಲ್ಲ ಕೂಡಿದರೆ v²/2gಯ 9.5 ಪಟ್ಟು.

ಬೆಳಿಗ್ಗೆ v²/2g ಇದ್ದದ್ದು 0.2 ಮೀಟರ್. ಖರ್ಚು 6 ಮತ್ತು 1.9, ಸೇರಿ 7.9. ಉಳಿದದ್ದು 2.4 ಮೀಟರ್. ನೀರು 30 ಡಿಗ್ರಿ ಬಿಸಿ ಇತ್ತು. ಆ ಬಿಸಿಯಲ್ಲಿ ನೀರಿನ ಆವಿ ಒತ್ತಡ 0.43 ಮೀಟರ್. ಒತ್ತಡ ಅದಕ್ಕಿಂತ ಕೆಳಗೆ ಇಳಿದರೆ ನೀರು ಅಲ್ಲೇ ಕುದಿಯುತ್ತದೆ, ಬೆಂಕಿ ಬೇಕಿಲ್ಲ. 2.4 ಎಲ್ಲಿ, 0.43 ಎಲ್ಲಿ. ಬೆಳಿಗ್ಗೆ ತೊಂದರೆ ಇರಲಿಲ್ಲ.

ಬಾಯಿ ಕೆಳಗೆ ಹೋದ ಮೇಲೆ ಇಳಿತ 10, ಪೈಪು 50 ಮೀಟರ್ ಆದದ್ದರಿಂದ ಒಟ್ಟು ತಡೆ 24. v²/2g ಈಗ 0.417. ನೆತ್ತಿಯವರೆಗಿನ ಖರ್ಚು 6 ಮತ್ತು 3.96, ಅಂದರೆ 9.96. ಉಳಿದದ್ದು 0.37 ಮೀಟರ್. 0.43ಕ್ಕಿಂತ ಕಡಿಮೆ! ನೆತ್ತಿಯನ್ನು ನಾವು ಒಂದು ಇಂಚೂ ಎತ್ತಿರಲಿಲ್ಲ. ಹೊರಗಿನ ತುದಿಯನ್ನು ಕೆಳಗೆ ಇಳಿಸಿದ್ದಷ್ಟೇ, ಕುದಿದದ್ದು ನೆತ್ತಿಯಲ್ಲಿ.

ಅಂದರೆ ನೆತ್ತಿಯ ಮಿತಿ ಒಂದೇ ಅಂಕಿ ಅಲ್ಲ. 30 ಡಿಗ್ರಿಯಲ್ಲಿ 9.9 ಮೀಟರ್ ಅನ್ನುವುದು ನೀರು ಬಹುಮಟ್ಟಿಗೆ ನಿಂತೇ ಇರುವಾಗಿನ ಮಾತು. ವೇಗ ಹೆಚ್ಚಿದಂತೆ ಮಿತಿ ಕೆಳಗೆ ಬರುತ್ತದೆ. ತಿರುಗಿಸಿ ಹೇಳಿದರೆ, 6 ಮೀಟರ್ ನೆತ್ತಿಯಿರುವ ನನ್ನ ಪೈಪಿನಲ್ಲಿ v²/2g ಹೆಚ್ಚೆಂದರೆ 0.41 ಆಗಬಹುದು. ಹರಿವು ಸುಮಾರು 5.6 ಲೀಟರ್. ಬಾಯಿಯನ್ನು ಬೆಟ್ಟದ ಬುಡಕ್ಕೆ ಒಯ್ದರೂ ಅದಕ್ಕಿಂತ ಜಾಸ್ತಿ ಬರುವುದಿಲ್ಲ. ಮೇಲಿನ ಕಾಲಿಗೆ ನೀರು ತಳ್ಳುವುದು ಹೊರಗಿನ ಗಾಳಿ. ಅದರ ಶಕ್ತಿ ಅಷ್ಟೇ.

ಎತ್ತರದ ಜಾಗದಲ್ಲಿ ಇದು ಇನ್ನೂ ಬಿಗಿ. 1000 ಮೀಟರ್ ಎತ್ತರದ ಊರಿನಲ್ಲಿ ಗಾಳಿಯ ಒತ್ತಡ ಸುಮಾರು 9.2 ಮೀಟರ್ ನೀರು ಮಾತ್ರ. ನೀರು 40 ಡಿಗ್ರಿಗೆ ಬಿಸಿಯಾದರೆ ಆವಿ ಒತ್ತಡ 0.76 ಮೀಟರ್.

ಆವಿಗಿಂತ ಮುಂಚೆ ಬರುವ ಇನ್ನೊಂದು ಕಾಟ ಇದೆ. ನೀರಿನಲ್ಲಿ ಕರಗಿರುವ ಗಾಳಿ. ಒತ್ತಡ ಇಳಿದಂತೆ ಅದು ಗುಳ್ಳೆಯಾಗಿ ಹೊರಬರುತ್ತದೆ, ಆವಿ ಒತ್ತಡ ಇನ್ನೂ ದೂರ ಇರುವಾಗಲೇ. ಅದಕ್ಕೇ ಕೆಲಸ ಬಲ್ಲವರು 7, ಹೆಚ್ಚೆಂದರೆ 8 ಮೀಟರ್‌ಗಿಂತ ಮೇಲೆ ನೆತ್ತಿ ಇಡುವುದಿಲ್ಲ. ಕರಗಿದ ಗಾಳಿಯನ್ನು ಪೂರ್ತಿ ತೆಗೆದರೆ ಮಾತು ಬೇರೆ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ಯೂನಿವರ್ಸಿಟಿ ಆಫ್ ಟೆಕ್ನಾಲಜಿಯವರು ಹಾಗೆ ಗಾಳಿ ತೆಗೆದ ನೀರಿನಿಂದ 15 ಮೀಟರ್ ಎತ್ತರದ ಸೈಫನ್ ಓಡಿಸಿದ್ದನ್ನು 2015ರಲ್ಲಿ ಪ್ರಕಟಿಸಿದರು. ಗುಳ್ಳೆ ಹುಟ್ಟಲು ನೆಲೆಯೇ ಇಲ್ಲದಿದ್ದರೆ ನೀರು ತನ್ನನ್ನು ತಾನೇ ಹಿಡಿದುಕೊಳ್ಳುತ್ತದೆ. ಹೊಂಡದ ನೀರಿನಲ್ಲಿ ಅದು ಆಗದ ಮಾತು.

ಪರಿಹಾರ ಸರಳವಾಗಿತ್ತು. ಬಾಯಿಯ ಗೇಟ್ ವಾಲ್ವ್ ಸ್ವಲ್ಪ ಮುಚ್ಚಿದೆ. ಬಕೆಟ್ ಮತ್ತೆ ಐದು ಸೆಕೆಂಡಿಗೆ ತುಂಬುವವರೆಗೆ. ಹರಿವು 4 ಲೀಟರ್‌ಗೆ ಇಳಿದರೆ ನೆತ್ತಿಯಲ್ಲಿ 2.3 ಮೀಟರ್ ಉಳಿಯುತ್ತದೆ. ಚರಚರ ನಿಂತಿತು. ವಾಲ್ವ್ ಹೊರತುದಿಯಲ್ಲೇ ಇರಬೇಕು, ಇದು ಮುಖ್ಯ. ಅದೇ ವಾಲ್ವನ್ನು ನೀರೊಳಗಿನ ತುದಿಯಲ್ಲಿ ಮುಚ್ಚಿದರೆ, ನೆತ್ತಿಗೆ ತಲುಪುವ ಮುಂಚೆಯೇ ಖರ್ಚು ಹೆಚ್ಚಿ, ಇನ್ನೂ ಬೇಗ ಕಡಿಯುತ್ತದೆ. ಕಸ ಕಟ್ಟಿದ ಫುಟ್ ವಾಲ್ವ್ ಮಾಡುವುದೂ ಇದನ್ನೇ. ಹಾಗಂತ ವಾಲ್ವ್ ತೀರಾ ಮುಚ್ಚಲೂಬಾರದು. ಹರಿವು ನಿಧಾನವಾದರೆ ಗುಳ್ಳೆಗಳು ಕೆಳಗೆ ಕೊಚ್ಚಿಹೋಗದೆ ನೆತ್ತಿಯಲ್ಲೇ ಸೇರಿಕೊಳ್ಳುತ್ತವೆ. ಈ ಅಳತೆಯ ಪೈಪಿನಲ್ಲಿ ಸೆಕೆಂಡಿಗೆ ಮುಕ್ಕಾಲು ಮೀಟರ್‌ಗಿಂತ ಮೇಲಿರಲಿ ಅನ್ನುವುದು ನನ್ನ ಲೆಕ್ಕ. ಬಾಯಿಯನ್ನು ಒಂದು ಸಣ್ಣ ಗುಂಡಿಯ ನೀರಿನಲ್ಲಿ ಮುಳುಗಿಸಿದೆ. ಇನ್ನು ಕೆಳಗಿನಿಂದ ಗಾಳಿ ಮೇಲೇರುವ ಭಯವೂ ಇಲ್ಲ.

ತಮ್ಮನ ಆಸೆಯನ್ನು ಪೂರೈಸುವ ದಾರಿಯೂ ಸಿಕ್ಕಿತು. ಮೇಲಿನ ಕಾಲು, ಆ 15 ಮೀಟರ್ ಮಾತ್ರ, 75 ಮಿಲಿಮೀಟರ್ ಪೈಪಿನದಾಗಿದ್ದರೆ? ಅದೇ ಹರಿವಿಗೆ ಅಲ್ಲಿ ವೇಗ ಅರ್ಧಕ್ಕಿಂತ ಕಡಿಮೆಯಾಗುತ್ತದೆ, ಪೈಪಿನ ಉಜ್ಜಾಟ ಸುಮಾರು ಎಂಟರಲ್ಲೊಂದು ಪಾಲಿಗೆ ಬರುತ್ತದೆ. ಲೆಕ್ಕ ಹಾಕಿದರೆ ವಾಲ್ವ್ ಪೂರ್ತಿ ತೆರೆದೇ 6.7 ಲೀಟರ್ ಹರಿವು, ನೆತ್ತಿಯಲ್ಲಿ ಮೂರು ಮೀಟರ್ ಹತ್ತಿರ ಉಳಿಕೆ. ನೀರೂ ಜಾಸ್ತಿ, ಭಯವೂ ಕಡಿಮೆ. ಕೆಳಗಿನ ಕಾಲನ್ನು ದಪ್ಪ ಮಾಡಿದ್ದರೆ ಉಲ್ಟಾ ಆಗುತ್ತಿತ್ತು.

ಹೊಂಡ ಹತ್ತು ಮೀಟರ್ ಉದ್ದ, ಹತ್ತು ಮೀಟರ್ ಅಗಲ. 4 ಲೀಟರ್ ಹರಿವಿಗೆ ಗಂಟೆಗೆ 14 ಸೆಂಟಿಮೀಟರ್ ಇಳಿಯುತ್ತದೆ. ನೀರು ಇಳಿದಷ್ಟೂ ನೆತ್ತಿ ಎತ್ತರವಾಗುತ್ತದೆ. ಅದಕ್ಕೇ ಹೊಂಡದ ಗೋಡೆಗೆ ಸುಣ್ಣದಿಂದ ಎರಡು ಗೆರೆ ಎಳೆದು ಬಂದೆ. ನೆತ್ತಿಯಿಂದ 7 ಮೀಟರ್ ಕೆಳಗಿನ ಗೆರೆ ಕಂಡಾಗ ವಾಲ್ವ್ ಇನ್ನಷ್ಟು ಮುಚ್ಚಿ ಹರಿವನ್ನು 3 ಲೀಟರ್‌ಗೆ ತರಬೇಕು. 8 ಮೀಟರ್‌ನ ಗೆರೆ ಕಂಡಾಗ ನಿಲ್ಲಿಸಬೇಕು. ಅದರ ಕೆಳಗಿನ ನೀರನ್ನು ಪಂಪು ಇಳಿಸಿಯೇ ತೆಗೆಯಬೇಕು. ರಾತ್ರಿ ಒಂಬತ್ತಕ್ಕೆ ಟಾರ್ಚ್ ಹಿಡಿದು ಪಾರದರ್ಶಕ ತುಂಡನ್ನು ಇನ್ನೊಮ್ಮೆ ನೋಡಿದೆ. ಆಗೊಂದು ಈಗೊಂದು ಗುಳ್ಳೆ ಹುಟ್ಟಿ, ನಿಲ್ಲದೆ ಕೆಳಗೆ ಹೋಗುತ್ತಿತ್ತು.