ಇಸ್ಪೀಟು ಪ್ರಾಜೆಕ್ಟ್: ಎಲೆ ಕಲಸುವ ಕೋಡಿಗೆ ಪರೀಕ್ಷೆ

ಆಟದ ನಿಯಮಗಳೆಲ್ಲ ಕೋಡಿಗೆ ಬಂದಾಗಿದೆ. ಈ ವಾರ ಎಲೆ ಕಲಸುವ ಭಾಗ ಹಿಡಿದು ಕೂತೆ. ಕೋಡ್ ಮೂರೇ ಸಾಲು. ಆದರೆ ಅದು ಸರಿಯಾಗಿ ಕಲಸುತ್ತಿದೆ ಅಂತ ಗೊತ್ತಾಗೋದು ಹೇಗೆ? ಕಣ್ಣಿಗೆ ಎಲ್ಲವೂ ಕಲಸಿದ ಹಾಗೇ ಕಾಣುತ್ತದೆ. ಹಾಗಾಗಿ ಮೊದಲು ಪರೀಕ್ಷೆ ಬರೆದೆ. ಪರೀಕ್ಷೆ ತಪ್ಪನ್ನು ನಿಜಕ್ಕೂ ಹಿಡಿಯುತ್ತದಾ ನೋಡಬೇಕಲ್ವಾ, ಅದಕ್ಕೆ ತಪ್ಪು ವಿಧಾನವನ್ನೂ ಬೇಕೆಂದೇ ಪಕ್ಕದಲ್ಲಿಟ್ಟೆ:

```
for i in range(n):
    j = randrange(n)
    a[i], a[j] = a[j], a[i]
```

ಒಂದೊಂದೇ ಜಾಗಕ್ಕೆ ಹೋಗಿ, ಅಲ್ಲಿರುವ ಎಲೆಯನ್ನು ಯಾವುದೋ ಒಂದು ಜಾಗದ ಎಲೆಯ ಜೊತೆ ಅದಲುಬದಲು ಮಾಡುವುದು. ಎಲ್ಲ ಜಾಗಕ್ಕೂ ಸಮಾನ ಅವಕಾಶ ಇದೆ, ಇನ್ನೇನು ಬೇಕು ಅನ್ನಿಸುತ್ತದೆ. ಮೂರು ಎಲೆ ತೆಗೆದುಕೊಂಡರೆ ಸಾಕು, ಗುಟ್ಟು ಹೊರಬೀಳುತ್ತದೆ.

ಎಲೆಗಳು ಕ, ಖ, ಗ ಅಂತಿರಲಿ. ಮೂರು ಹೆಜ್ಜೆ, ಪ್ರತಿ ಹೆಜ್ಜೆಗೂ ಮೂರು ಆಯ್ಕೆ. ಒಟ್ಟು 27 ದಾರಿ, ಎಲ್ಲವೂ ಸಮಾನ. ತಲುಪಬೇಕಾದ ಜೋಡಣೆಗಳು 6. 27ನ್ನು 6 ಜನಕ್ಕೆ ಸಮನಾಗಿ ಹಂಚಲು ಆಗಲ್ಲ. ಕೈಯಲ್ಲೇ ಬಿಡಿಸಿ ಎಣಿಸಿದರೆ ಕಖಗ, ಗಖಕ, ಗಕಖ ಇವಕ್ಕೆ ತಲಾ 4 ದಾರಿ. ಕಗಖ, ಖಕಗ, ಖಗಕ ಇವಕ್ಕೆ ತಲಾ 5. ಅಂದರೆ 2,70,000 ಸಲ ಕಲಸಿದರೆ ಕೆಲವು ಜೋಡಣೆ ಸುಮಾರು 40,000 ಸಲ, ಕೆಲವು 50,000 ಸಲ ಬರಬೇಕು. ಸರಿಯಾದ ಕಲಸಾಟದಲ್ಲಿ ಎಲ್ಲವೂ 45,000ದ ಆಸುಪಾಸು ಇರಬೇಕು. ಅಲ್ಲಿ ಅದೃಷ್ಟದ ಏರಿಳಿತ ಇನ್ನೂರರ ಸುತ್ತ ಇರುತ್ತದೆ, 5,000ದ ಅಂತರ ಬರುವ ಮಾತೇ ಇಲ್ಲ.

ಎಲೆ ಜಾಸ್ತಿ ಆದರೆ ಸರಿಹೋಗುತ್ತದಾ? ಇಲ್ಲ. 52 ಎಲೆಗೆ ದಾರಿಗಳು 52ರ 52ನೇ ಘಾತ. ಅದರೊಳಗೆ 2 ಮತ್ತು 13 ಬಿಟ್ಟು ಬೇರೆ ಅವಿಭಾಜ್ಯ ಸಂಖ್ಯೆ ಇಲ್ಲ. ಜೋಡಣೆಗಳ ಸಂಖ್ಯೆಯಾದ 52! ಮಾತ್ರ 3ರಿಂದಲೂ ಭಾಗವಾಗುತ್ತದೆ. ಸಮಪಾಲು ಸಾಧ್ಯವೇ ಇಲ್ಲ. ಎರಡಕ್ಕಿಂತ ಹೆಚ್ಚು ಎಲೆ ಎಷ್ಟಿದ್ದರೂ ಕಥೆ ಇದೇ, ಯಾಕೆಂದರೆ n ಮತ್ತು n-1ಕ್ಕೆ 1 ಬಿಟ್ಟು ಸಾಮಾನ್ಯ ಭಾಜಕ ಇರುವುದಿಲ್ಲ.

ನನಗೆ ತುಂಬಾ ಹಿಡಿಸಿದ್ದು ಮುಂದಿನ ವಿಷಯ. ಯಾವ ಎಲೆ ಯಾವ ಜಾಗಕ್ಕೆ ಎಷ್ಟು ಸಲ ಬಂತು ಅಂತ ಕೋಷ್ಟಕ ಮಾಡಿದೆ. ‘ಕ’ ಎಲೆ ಮೂರೂ ಜಾಗಕ್ಕೆ 27ರಲ್ಲಿ 9, 9, 9 ದಾರಿಗಳಲ್ಲಿ ಬರುತ್ತದೆ. ಎಳ್ಳಷ್ಟೂ ಪಕ್ಷಪಾತ ಇಲ್ಲ! ಮೊದಲ ಹೆಜ್ಜೆಯಲ್ಲೇ ಅದು ಯಾವುದೋ ಜಾಗಕ್ಕೆ ಸಮಾನವಾಗಿ ಹೋಗಿಬಿಡುತ್ತದೆ. ಆಮೇಲಿನ ಅದಲುಬದಲು ಆ ಸಮತೋಲನವನ್ನು ಕೆಡಿಸುವುದಿಲ್ಲ. ‘ಖ’ ನೋಡಿ: 10, 8, 9. ‘ಗ’: 8, 10, 9. ಅಂದರೆ ಎರಡನೇ ಎಲೆ ತನಗಿಂತ ಒಂದು ಜಾಗ ಹಿಂದಕ್ಕೆ ಹೋಗುವುದೇ ಹೆಚ್ಚು, ಮೂರನೆಯದೂ ಹಾಗೇ. ಕೊನೆಯ ಜಾಗವಂತೂ ಮೂರೂ ಎಲೆಗೆ 9, 9, 9. ಸುಮ್ನೆ ಮೊದಲ ಎಲೆಯನ್ನೋ ಕೊನೆಯ ಜಾಗವನ್ನೋ ಮಾತ್ರ ಪರೀಕ್ಷಿಸಿದ್ದರೆ ಈ ಕೋಡ್ ಸಲೀಸಾಗಿ ಪಾಸಾಗುತ್ತಿತ್ತು.

ಪೂರ್ತಿ ಕೋಷ್ಟಕ ಸಮ ಬಂದರೂ ಸಾಲದು. ಕಟ್ಟನ್ನು ಬರೀ ಒಂದು ಕಡೆ ಕತ್ತರಿಸಿ ಮೇಲೆ-ಕೆಳಗೆ ಮಾಡಿದರೂ ಪ್ರತಿ ಎಲೆ ಪ್ರತಿ ಜಾಗಕ್ಕೂ ಸಮನಾಗಿ ಬರುತ್ತದೆ, ಆದರೆ 3 ಎಲೆಗೆ 3 ಜೋಡಣೆ ಮಾತ್ರ ಸಿಗುತ್ತದೆ. ಅದಕ್ಕೇ ಪರೀಕ್ಷೆಯಲ್ಲಿ 3 ಮತ್ತು 4 ಎಲೆಗೆ ಇಡೀ ಜೋಡಣೆಗಳನ್ನೇ ಎಣಿಸುತ್ತೇನೆ.

ಆಟಕ್ಕೆ ಹಾಕಿದ್ದು ಫಿಷರ್-ಯೇಟ್ಸ್. ರೊನಾಲ್ಡ್ ಫಿಷರ್ ಮತ್ತು ಫ್ರ್ಯಾಂಕ್ ಯೇಟ್ಸ್ 1938ರಲ್ಲಿ ಕೊಟ್ಟಿದ್ದು ಪೆನ್ನು-ಕಾಗದದ ವಿಧಾನ. ಅದೇ ಪಟ್ಟಿಯೊಳಗೆ ಅದಲುಬದಲು ಮಾಡುವ ರೂಪವನ್ನು ರಿಚರ್ಡ್ ಡರ್ಸ್ಟನ್‌ಫೆಲ್ಡ್ 1964ರಲ್ಲಿ ಪ್ರಕಟಿಸಿದರು.

```
for i in range(n-1, 0, -1):
    j = randrange(i+1)
    a[i], a[j] = a[j], a[i]
```

ಕೊನೆಯ ಜಾಗಕ್ಕೆ ಎಲ್ಲ ಎಲೆಗಳಿಂದ ಒಂದನ್ನು ಆರಿಸಿ, ಮತ್ತೆ ಅದನ್ನು ಮುಟ್ಟುವುದಿಲ್ಲ. ಅದರ ಹಿಂದಿನ ಜಾಗಕ್ಕೆ ಉಳಿದವುಗಳಿಂದ ಒಂದು. 3 ಎಲೆಗೆ 3 × 2 = 6 ದಾರಿ, 6 ಜೋಡಣೆ. ಯಾವ ಜೋಡಣೆ ಕೊಟ್ಟರೂ ಅದಕ್ಕೆ ಹೋಗುವ ದಾರಿ ಒಂದೇ: ಕೊನೆಯ ಜಾಗದ ಎಲೆ ಮೊದಲ ಆಯ್ಕೆ ಯಾವುದೆಂದು ಹೇಳುತ್ತದೆ, ಅದರ ಹಿಂದಿನದು ಎರಡನೆಯದನ್ನು. ಸಮಪಾಲು ತಾನಾಗೇ ಬರುತ್ತದೆ.

ಇಲ್ಲಿ `i+1` ಬದಲು `i` ಬರೆದರೂ ಕೋಡ್ ಓಡುತ್ತದೆ. ಅದನ್ನೂ ಪರೀಕ್ಷೆಗೆ ಹಾಕಿದೆ. ಆಗ ಎಲೆ ತನ್ನ ಜಾಗದಲ್ಲೇ ಉಳಿಯುವುದು ಅಸಾಧ್ಯ. ಖಗಕ, ಗಕಖ ಎರಡೇ ಬರುತ್ತವೆ. ಕೋಷ್ಟಕದ ಕರ್ಣದಲ್ಲಿ ಪೂರ್ತಿ ಸೊನ್ನೆ, ತಕ್ಷಣ ಸಿಕ್ಕಿಬೀಳುತ್ತದೆ.

ಉಳಿದಿರುವುದು ಸೀಡ್, ಅಂದರೆ ಯಾದೃಚ್ಛಿಕ ಸಂಖ್ಯೆಗಳ ಸರಣಿ ಯಾವುದರಿಂದ ಶುರುವಾಗುತ್ತದೋ ಆ ಸಂಖ್ಯೆ. 32 ಬಿಟ್ ಸೀಡ್ ಕೊಟ್ಟರೆ ಹೆಚ್ಚೆಂದರೆ ಸುಮಾರು 430 ಕೋಟಿ ಜೋಡಣೆ ಬರಬಹುದು, 52!ರಲ್ಲಿ 68 ಅಂಕಿಗಳಿವೆ. ಮುಂದಿನ ವಾರ ಸೀಡ್ ಕೊಡುವುದನ್ನೇ ಬಿಟ್ಟು, ಆಪರೇಟಿಂಗ್ ಸಿಸ್ಟಮ್ ಕೊಡುವ ಯಾದೃಚ್ಛಿಕ ಸಂಖ್ಯೆಗಳಿಗೆ ಜೋಡಿಸುತ್ತೇನೆ.